ಕತ್ತಿನ ಕಪ್ಪು ಕಲೆ: ಮುಲಾಮಿಗೆ ಮುನ್ನ ರಕ್ತಪರೀಕ್ಷೆ

ಕತ್ತಿನ ಹಿಂಭಾಗದಲ್ಲಿಯೂ ಕಂಕುಳಲ್ಲಿಯೂ ಚರ್ಮವು ಮೆಲ್ಲಮೆಲ್ಲನೆ ಕಪ್ಪಾಗಿ, ದಪ್ಪವಾಗಿ, ಮುಟ್ಟಿದರೆ ಮಖಮಲ್ಲಿನಂತೆ ತೋರುವುದುಂಟು. ಚಿಕ್ಕಮಗಳೂರು, ಮೂಡಿಗೆರೆ, ಕಳಸ ಭಾಗಗಳ ಆರೋಗ್ಯ ಕೇಂದ್ರಗಳಿಗೆ ಜ್ವರಕ್ಕೋ ಬೆನ್ನುನೋವಿಗೋ ಔಷಧ ಕೇಳಲು ಬರುವವರಲ್ಲಿ ಈ ಚಿಹ್ನೆ ವೈದ್ಯರ ಕಣ್ಣಿಗೆ ಬೀಳುತ್ತದೆ. ಆದರೆ ಇದಕ್ಕಾಗಿಯೇ ವೈದ್ಯರಲ್ಲಿಗೆ ಬರುವವರು ವಿರಳ. ನೋವಿಲ್ಲ, ಕೀವಿಲ್ಲ, ಸಾಮಾನ್ಯವಾಗಿ ತುರಿಕೆಯೂ ಇಲ್ಲ. ಆದಕಾರಣ ಇದನ್ನು ಕೊಳೆಯೆಂದೋ ಬಣ್ಣದ ದೋಷವೆಂದೋ ಭಾವಿಸಿ, ತಿಕ್ಕಿ ತೊಳೆಯುವುದರಲ್ಲಿಯೂ ಅಂಗಡಿಯ ಮುಲಾಮು ಹಚ್ಚುವುದರಲ್ಲಿಯೂ ವರ್ಷಗಳನ್ನು ಕಳೆಯುತ್ತಾರೆ.

ವೈದ್ಯಶಾಸ್ತ್ರದಲ್ಲಿ ಇದಕ್ಕೆ ಅಕ್ಯಾಂಥೋಸಿಸ್ ನೈಗ್ರಿಕನ್ಸ್ ಎಂದು ಹೆಸರು. ಹೆಸರು ಕಠಿಣವಾದರೂ ಇದರ ಅರ್ಥ ಸರಳವಾದುದು. ಬಹುಮಂದಿಯಲ್ಲಿ ಇದು ಚರ್ಮದಲ್ಲಿ ಹುಟ್ಟಿದ ಕಾಯಿಲೆಯಲ್ಲ; ದೇಹದೊಳಗೆ ಇನ್ಸುಲಿನ್ ಅಗತ್ಯಕ್ಕಿಂತ ಹೆಚ್ಚಾಗಿ ಹರಿಯುತ್ತಿದೆಯೆಂಬುದಕ್ಕೆ ಚರ್ಮವು ಕೊಡುವ ಗುರುತು. ಈ ಗುರುತಿಗೂ ಮಧುಮೇಹಕ್ಕೂ, ಸ್ತ್ರೀಯರ ಮುಟ್ಟಿನ ಏರುಪೇರಿಗೂ, ಗರ್ಭ ನಿಲ್ಲುವುದರಲ್ಲಿ ಆಗುವ ತಡಕ್ಕೂ ಸಂಬಂಧವಿರುವುದರಿಂದ ಸಂಸಾರಸ್ಥರಾದ ಪ್ರತಿಯೊಬ್ಬರೂ ಇದನ್ನು ತಿಳಿದಿರುವುದು ಅವಶ್ಯಕ.

ಇದು ಕೊಳೆಯಲ್ಲವೆಂದು ತಿಳಿಯುವುದು ಹೇಗೆ?

ನಮ್ಮ ಕಡೆ ಈ ಕಪ್ಪಿಗೆ ಮೂರು ನಾಲ್ಕು ಕಾರಣಗಳನ್ನು ಹೇಳುವ ವಾಡಿಕೆಯಿದೆ. ಸೊಸೆಯ ಕತ್ತು ಕಪ್ಪಾದರೆ "ಸರಿಯಾಗಿ ತಿಕ್ಕಿ ಸ್ನಾನ ಮಾಡೇ" ಎಂದು ಅತ್ತೆ ಹೇಳುತ್ತಾರೆ. ಕರಿಮಣಿ ಸರ ಬಣ್ಣ ಬಿಟ್ಟಿದೆಯೆಂದು ನೆರೆಮನೆಯವರು ಹೇಳುತ್ತಾರೆ. ಗಂಡಸರಾದರೆ ತೋಟದ ಬಿಸಿಲೆಂದೋ ಮೂಟೆ ಹೊತ್ತ ಗುರುತೆಂದೋ ಸಮಾಧಾನಪಟ್ಟುಕೊಳ್ಳುತ್ತಾರೆ. ಇವುಗಳಲ್ಲಿ ಯಾವುದು ನಿಜ ಎಂಬುದನ್ನು ಮನೆಯಲ್ಲಿಯೇ ಒಂದು ಮಟ್ಟಿಗೆ ಪರೀಕ್ಷಿಸಿ ನೋಡಬಹುದು.

ಕೊಳೆಯಾದರೆ ಸಾಬೂನಿಗೆ ಹೋಗುತ್ತದೆ. ಸಾಬೂನಿಗೆ ಹೋಗದ ಗಟ್ಟಿ ಕೊಳೆಯೂ ಆಸ್ಪತ್ರೆಯಲ್ಲಿ ಸೂಜಿ ಚುಚ್ಚುವ ಮೊದಲು ಒರೆಸುವ ಸ್ಪಿರಿಟ್ಟನ್ನು ಹತ್ತಿಯಲ್ಲಿ ಅದ್ದಿ ಉಜ್ಜಿದರೆ ಬಿಟ್ಟುಬರುತ್ತದೆ. ನಾವು ಹೇಳುತ್ತಿರುವ ಕಪ್ಪು ಇದಾವುದಕ್ಕೂ ಹೋಗುವುದಿಲ್ಲ. ಬಿಸಿಲಿನ ಕಪ್ಪು ಬಿಸಿಲು ಬೀಳುವ ಕಡೆ ಮಾತ್ರ ಇರುತ್ತದೆ. ಕಂಕುಳಿಗೆ ಬಿಸಿಲು ಬೀಳುವುದಿಲ್ಲವಷ್ಟೆ. ಸರದ ಲೋಹ ಒಗ್ಗದೆ ಆದ ಕಲೆ ಸರ ತಾಗುವ ಗೆರೆಯಲ್ಲಿಯೇ ಇದ್ದು ತುರಿಕೆಯಿಂದ ಕೂಡಿರುತ್ತದೆ. ಮಳೆಗಾಲದಲ್ಲಿ ಒದ್ದೆ ಬಟ್ಟೆಯಿಂದ ಬರುವ ಗಜಕರ್ಣವು ಉಂಗುರದಂತೆ ಅಂಚುಗಟ್ಟಿ, ಹೊಟ್ಟು ಎದ್ದು, ಬಹಳ ತುರಿಸುತ್ತದೆ. ಇನ್ಸುಲಿನ್ನಿನಿಂದಾದ ಕಪ್ಪಾದರೋ ಎರಡೂ ಪಕ್ಕಗಳಲ್ಲಿ ಸಮನಾಗಿ, ಅಂಚು ಸ್ಪಷ್ಟವಿಲ್ಲದೆ, ಮಡಿಕೆಗಳಿರುವ ಕಡೆ ಕಾಣುತ್ತದೆ. ಕತ್ತು ಮತ್ತು ಕಂಕುಳು ಮುಖ್ಯ ಸ್ಥಾನಗಳು. ತೊಡೆಸಂದು, ಸ್ತನಗಳ ಕೆಳಗಿನ ಮಡಿಕೆ, ಬೆರಳಿನ ಗೆಣ್ಣುಗಳ ಮೇಲೂ ಇರಬಹುದು. ಅದೇ ಜಾಗದಲ್ಲಿ ಸಣ್ಣ ಸಣ್ಣ ನರುಳ್ಳೆಗಳು ನೇತಾಡುತ್ತಿದ್ದರೆ ಅನುಮಾನ ಇನ್ನಷ್ಟು ಬಲವಾಗುತ್ತದೆ.

ಇದು ಅಂಟುವ ಕಾಯಿಲೆಯಲ್ಲ. ಶುಚಿತ್ವದ ಕೊರತೆಯಿಂದ ಬಂದುದೂ ಅಲ್ಲ. ನಿಂಬೆಹೋಳು, ಅಡುಗೆ ಸೋಡ, ಒರಟು ಕಲ್ಲು ಮುಂತಾದವುಗಳಿಂದ ತಿಕ್ಕಿದರೆ ಚರ್ಮ ಕೆರಳಿ ಇನ್ನೂ ಕಪ್ಪಾಗುವುದೇ ಹೆಚ್ಚು.

ಚರ್ಮ ಏಕೆ ಹೀಗೆ ಬೆಳೆಯುತ್ತದೆ?

ಹೊಟ್ಟೆಯ ಹಿಂಭಾಗದಲ್ಲಿರುವ ಮೇದೋಜೀರಕ ಗ್ರಂಥಿಯು ಇನ್ಸುಲಿನ್ ಎಂಬ ಚೋದಕರಸವನ್ನು ರಕ್ತಕ್ಕೆ ಬಿಡುತ್ತದೆ. ನಾವು ಉಂಡ ಅನ್ನ ಸಕ್ಕರೆಯ ಅಂಶವಾಗಿ ರಕ್ತಕ್ಕೆ ಸೇರಿದ ಮೇಲೆ, ಅದನ್ನು ಒಳಗೆ ತೆಗೆದುಕೊಳ್ಳಿರೆಂದು ಮಾಂಸಖಂಡಗಳಿಗೂ ಯಕೃತ್ತಿಗೂ ಆಜ್ಞೆ ಕೊಡುವುದೇ ಇನ್ಸುಲಿನ್ನಿನ ಕೆಲಸ.

ಇದನ್ನು ತೋಟದ ಒಂದು ಸಂಗತಿಗೆ ಹೋಲಿಸಬಹುದು. ಮೇಸ್ತ್ರಿಯು ತೋಟದ ಅಂಚಿನಲ್ಲಿ ನಿಂತು ಆಳುಗಳನ್ನು ಕೂಗುತ್ತಾನೆ. ಎಲ್ಲರ ಕಿವಿಯೂ ಚುರುಕಾಗಿದ್ದರೆ ಒಂದು ಕೂಗು ಸಾಕು. ಆಳುಗಳಿಗೆ ಕಿವಿ ಮಂದವಾದರೆ ಅವನು ಗಟ್ಟಿಯಾಗಿ, ಮತ್ತೆ ಮತ್ತೆ ಕೂಗಬೇಕಾಗುತ್ತದೆ. ಆಗ ಆಳುಗಳು ಹೇಗೋ ಕೆಲಸ ಮಾಡುತ್ತಾರೆ. ಆದರೆ ಆ ಗದ್ದಲ ಪಕ್ಕದ ತೋಟದವರಿಗೂ ಕೇಳಿಸುತ್ತದೆ. ದೇಹದಲ್ಲಿ ಆಗುವುದೂ ಇದೇ. ಹೊಟ್ಟೆಯ ಸುತ್ತ ಕೊಬ್ಬು ಸೇರಿದಾಗ, ಅಥವಾ ವಂಶದ ಗುಣದಿಂದ, ಮಾಂಸಖಂಡ ಮತ್ತು ಯಕೃತ್ತು ಇನ್ಸುಲಿನ್ನಿನ ಆಜ್ಞೆಗೆ ಮಂದವಾಗುತ್ತವೆ. ಮೇದೋಜೀರಕ ಗ್ರಂಥಿಯು ಹೆಚ್ಚು ಹೆಚ್ಚು ಇನ್ಸುಲಿನ್ ಸುರಿಸಿ ರಕ್ತದ ಸಕ್ಕರೆಯನ್ನು ಹದದಲ್ಲಿಡುತ್ತದೆ. ಈ ಹೆಚ್ಚಿನ ಇನ್ಸುಲಿನ್ ಚರ್ಮದ ಕಣಗಳಿಗೆ ತಾಗಿ, ಅವು ಅಗತ್ಯವಿಲ್ಲದೆ ಬೆಳೆಯುವಂತೆ ಮಾಡುತ್ತದೆ. ಚರ್ಮದ ಮೇಲ್ಪದರ ದಪ್ಪವಾಗಿ ಸಣ್ಣ ಸಣ್ಣ ನೆರಿಗೆಗಳು ಏಳುತ್ತವೆ. ನಮಗೆ ಕಾಣುವ ಕಪ್ಪು ಬಹುಮಟ್ಟಿಗೆ ಈ ದಪ್ಪದಿಂದಾದುದು. ಬಣ್ಣದ ಅಂಶ ಹೆಚ್ಚಿದುದರಿಂದ ಆದುದು ಸ್ವಲ್ಪ ಮಾತ್ರ. ಬಣ್ಣ ತಿಳಿಮಾಡುವ ಮುಲಾಮು ಇಲ್ಲಿ ಸೋಲುವುದಕ್ಕೆ ಇದೂ ಒಂದು ಕಾರಣ.

ಈ ಕಲೆಯನ್ನು ವೈದ್ಯರು 19ನೆಯ ಶತಮಾನದ ಕೊನೆಯಿಂದಲೂ ಬಲ್ಲರು. ಇಂಥ ಕಲೆಗಳಿದ್ದ ಕೆಲವು ರೋಗಿಗಳಲ್ಲಿ ದೇಹವು ಇನ್ಸುಲಿನ್ನಿಗೆ ತೀವ್ರವಾಗಿ ಮಂದವಾಗಿರುವುದನ್ನು ಅಮೆರಿಕದ ರೊನಾಲ್ಡ್ ಕಾನ್ ಮತ್ತು ಅವರ ಸಂಗಡಿಗರು 1976ರಲ್ಲಿ ಪ್ರಕಟಿಸಿದರು. ಅಂದಿನಿಂದ ಕತ್ತಿನ ಕಪ್ಪನ್ನು ಕಂಡ ವೈದ್ಯರು ರಕ್ತದ ಸಕ್ಕರೆಯನ್ನೂ ವಿಚಾರಿಸುವುದು ರೂಢಿಯಾಯಿತು.

ಇಲ್ಲಿ ಗಮನಿಸಬೇಕಾದ ಮಾತೊಂದಿದೆ. ಮೇಸ್ತ್ರಿಯ ಗಂಟಲು ಗಟ್ಟಿಯಾಗಿರುವವರೆಗೆ ಕೆಲಸ ನಡೆಯುತ್ತದೆ. ಗಂಟಲು ಬಿದ್ದುಹೋದ ದಿನ ಕೆಲಸ ನಿಲ್ಲುತ್ತದೆ. ಹಾಗೆಯೇ ಗ್ರಂಥಿ ದಣಿಯುವವರೆಗೆ ಸಕ್ಕರೆ ಹದದಲ್ಲಿದ್ದು, ದಣಿದ ಮೇಲೆ ಏರತೊಡಗುತ್ತದೆ. ಕತ್ತಿನ ಕಪ್ಪು ಅನೇಕರಲ್ಲಿ ಮಧುಮೇಹಕ್ಕಿಂತ ಎಷ್ಟೋ ವರ್ಷ ಮುಂಚೆಯೇ ಕಾಣಿಸಿಕೊಳ್ಳುತ್ತದೆ. ಅದರ ಬೆಲೆ ಇರುವುದು ಇದರಲ್ಲಿಯೇ. ಕಲೆಯಿದ್ದವರೆಲ್ಲರಿಗೂ ಮಧುಮೇಹವಿದೆ ಎಂದಲ್ಲ. ಕಲೆಯಿಲ್ಲದವರಿಗೆ ಮಧುಮೇಹ ಬಾರದೆಂದೂ ಅಲ್ಲ. ಕಲೆಯಿದ್ದರೆ ಪರೀಕ್ಷೆ ಮಾಡಿಸಲು ಸಾಕಷ್ಟು ಕಾರಣವಿದೆ ಎಂದಷ್ಟೇ ತಿಳಿಯತಕ್ಕದ್ದು.

ಮುಟ್ಟಿಗೂ ಗರ್ಭಕ್ಕೂ ಇರುವ ಸಂಬಂಧ

ಮೇಸ್ತ್ರಿಯ ಕೂಗು ಕೇಳಿಸುವ ಪಕ್ಕದ ತೋಟಗಳಲ್ಲಿ ಚರ್ಮ ಒಂದಾದರೆ ಸ್ತ್ರೀಯ ಅಂಡಾಶಯ ಇನ್ನೊಂದು. ಇನ್ಸುಲಿನ್ ಹೆಚ್ಚಾದಾಗ ಅಂಡಾಶಯವು ಪುರುಷರಲ್ಲಿ ಹೆಚ್ಚಾಗಿರುವಂಥ ಚೋದಕರಸವನ್ನು ಮಿತಿಮೀರಿ ತಯಾರಿಸತೊಡಗುತ್ತದೆ. ಆಗ ತಿಂಗಳಿಗೊಂದರಂತೆ ಮಾಗಿ ಹೊರಬರಬೇಕಾದ ಅಂಡವು ಅರ್ಧದಲ್ಲಿಯೇ ನಿಲ್ಲುತ್ತದೆ. ಮುಟ್ಟು 35 ದಿನಗಳನ್ನು ಮೀರಿ, ಕೆಲವೊಮ್ಮೆ ಎರಡು ಮೂರು ತಿಂಗಳಿಗೊಮ್ಮೆ ಬರುತ್ತದೆ. ಗಲ್ಲದ ಮೇಲೆ ಕೂದಲು, ಮುಖದಲ್ಲಿ ಮೊಡವೆ ಹೆಚ್ಚಾಗಬಹುದು. ಇದನ್ನು ವೈದ್ಯರು ಪಿಸಿಓಎಸ್ ಎಂದು ಕರೆಯುತ್ತಾರೆ. ಪಿಸಿಓಎಸ್ ಇರುವ ಸ್ತ್ರೀಯರಲ್ಲಿ ಕತ್ತಿನ ಕಪ್ಪು ಸಾಮಾನ್ಯವಾಗಿ ಕಂಡುಬರುವ ಚಿಹ್ನೆ.

ಮಕ್ಕಳನ್ನು ಬಯಸುವ ದಂಪತಿಗಳಿಗೆ ಇದರಿಂದ ತಡವಾಗಬಹುದು. ಮಕ್ಕಳ ನಡುವೆ ಅಂತರ ಬಯಸುವವರಿಗೂ ಒಂದು ಎಚ್ಚರಿಕೆಯ ಮಾತಿದೆ. ಮುಟ್ಟು ಏರುಪೇರಾಗಿರುವಾಗ ಅಂಡ ಯಾವ ದಿನ ಹೊರಬರುವುದೆಂದು ಹೇಳಲಾಗದು. ಆದಕಾರಣ ದಿನಗಳ ಲೆಕ್ಕ ಹಾಕಿ ಕೂಡುವ ವಿಧಾನವನ್ನು ಇಂಥವರು ನಂಬಬಾರದು. ಬೇರೆ ವಿಧಾನವನ್ನು ವೈದ್ಯರಲ್ಲಿ ಕೇಳಿ ಆರಿಸಿಕೊಳ್ಳಬೇಕು. ಗರ್ಭವಿಲ್ಲದೆ ಮೂರು ತಿಂಗಳಾದರೂ ಮುಟ್ಟು ಬಾರದಿದ್ದರೆ, ಗರ್ಭಕೋಶದ ಒಳಪದರ ದಪ್ಪವಾಗುತ್ತಾ ಹೋಗುವ ಸಂಭವವಿರುವುದರಿಂದ, ಮಕ್ಕಳು ಬೇಕಿರಲಿ ಬೇಡವಿರಲಿ ವೈದ್ಯರಿಗೆ ತೋರಿಸತಕ್ಕದ್ದು.

ಒಂದು ದಂಪತಿಯ ಉದಾಹರಣೆ

ಪರೀಕ್ಷೆ ಹೇಗೆ ನಡೆಯುತ್ತದೆ, ಅದರಿಂದ ಏನು ತಿಳಿಯುತ್ತದೆ ಎಂಬುದನ್ನು ವಿವರಿಸಲು ಕಳಸದ ಕಡೆಯ ಒಂದು ದಂಪತಿಯನ್ನು ಊಹಿಸಿಕೊಳ್ಳೋಣ. ಪತ್ನಿಗೆ 26 ವರ್ಷ, ಪತಿಗೆ 33. ಮದುವೆಯಾಗಿ ನಾಲ್ಕು ವರ್ಷವಾದರೂ ಗರ್ಭ ನಿಂತಿಲ್ಲ. ಪತ್ನಿಗೆ ಮುಟ್ಟು 50ರಿಂದ 70 ದಿನಗಳಿಗೊಮ್ಮೆ. ಕತ್ತು, ಕಂಕುಳು ಕಪ್ಪಾಗಿವೆ. ಪೇಟೆಯ ಅಂಗಡಿಯಿಂದ ತಂದ ಮುಲಾಮನ್ನು ಆಕೆ ಐದು ತಿಂಗಳು ಹಚ್ಚಿದ್ದಾಳೆ. ಮೊದಲ ಮೂರು ವಾರ ಬಣ್ಣ ತಿಳಿಯಾಯಿತು; ಆಮೇಲೆ ಚರ್ಮ ತೆಳುವಾಗಿ ಕೆಂಪು ನರಗಳು ಕಂಡವು; ಹಚ್ಚುವುದನ್ನು ಬಿಟ್ಟೊಡನೆ ಕಪ್ಪು ಮರಳಿ ಬಂದಿತು.

ಆರೋಗ್ಯ ಕೇಂದ್ರದಲ್ಲಿ ಮೊದಲು ಅಳತೆಗಳಾಗುತ್ತವೆ. ಆಕೆಯ ಎತ್ತರ 152 ಸೆಂಟಿಮೀಟರ್, ತೂಕ 64 ಕಿಲೋ, ಸೊಂಟದ ಸುತ್ತಳತೆ 90 ಸೆಂಟಿಮೀಟರ್. ನಮ್ಮ ದೇಶದ ಸ್ತ್ರೀಯರಲ್ಲಿ ಸೊಂಟ 80, ಪುರುಷರಲ್ಲಿ 90 ಸೆಂಟಿಮೀಟರನ್ನು ಮುಟ್ಟಿದರೆ ಒಳಗೊಬ್ಬು ಹೆಚ್ಚೆಂದು ಲೆಕ್ಕ. ನೋಡಲು ದಪ್ಪವಲ್ಲದವರಲ್ಲಿಯೂ ಹೊಟ್ಟೆಯಲ್ಲಿ ಮಾತ್ರ ಕೊಬ್ಬು ಸೇರಿರುವುದು ನಮ್ಮವರಲ್ಲಿ ಸಾಮಾನ್ಯವಾದುದರಿಂದ ತಕ್ಕಡಿಗಿಂತ ಈ ಟೇಪು ಹೆಚ್ಚು ಸತ್ಯ ಹೇಳುತ್ತದೆ.

ಅನಂತರ ರಕ್ತಪರೀಕ್ಷೆ. ಬರಿಹೊಟ್ಟೆಯಲ್ಲಿ ಸಕ್ಕರೆ 108. ಬಳಿಕ 75 ಗ್ರಾಂ ಗ್ಲೂಕೋಸನ್ನು ನೀರಿನಲ್ಲಿ ಕರಗಿಸಿ ಕುಡಿಸಿ, ಎರಡು ಗಂಟೆಗಳ ಮೇಲೆ ನೋಡಿದಾಗ 168. ಬರಿಹೊಟ್ಟೆಯಲ್ಲಿ 100ರ ಒಳಗೆ, ಗ್ಲೂಕೋಸ್ ಕುಡಿದ ಎರಡು ಗಂಟೆಗೆ 140ರ ಒಳಗೆ ಇದ್ದರೆ ಸರಿ. ಬರಿಹೊಟ್ಟೆಯಲ್ಲಿ 126, ಎರಡು ಗಂಟೆಗೆ 200 ಮುಟ್ಟಿದರೆ ಮಧುಮೇಹ. ಇವೆರಡರ ನಡುವೆ ಇರುವುದು ಮಧುಮೇಹದ ಹೊಸ್ತಿಲು. ಈಕೆ ಇನ್ನೂ ಹೊಸ್ತಿಲಲ್ಲಿದ್ದಾಳೆ. ಕೆಲವರಲ್ಲಿ ಬರಿಹೊಟ್ಟೆಯ ಸಕ್ಕರೆ ಸರಿಯಾಗಿದ್ದು ಎರಡನೆಯದು ಮಾತ್ರ ಏರಿರುವುದರಿಂದ ಸಾಧ್ಯವಾದಾಗ ಎರಡನ್ನೂ ಮಾಡಿಸುವುದು ಒಳ್ಳೆಯದು. ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಎಂಬ ಪರೀಕ್ಷೆಯೂ ಇದೆ. ಆದರೆ ಈಕೆಯಂತೆ ರಕ್ತಹೀನತೆ ಇರುವವರಲ್ಲಿ ಅದು ದಾರಿ ತಪ್ಪಿಸಬಹುದು. ಇದಲ್ಲದೆ ರಕ್ತದೊತ್ತಡ, ಹಿಮೋಗ್ಲೋಬಿನ್, ಥೈರಾಯ್ಡ್ ಪರೀಕ್ಷೆಗಳಾಗುತ್ತವೆ. ಥೈರಾಯ್ಡ್ ಮಂದವಾದರೂ ಮುಟ್ಟು ಏರುಪೇರಾಗುವುದುಂಟು. ರಕ್ತದಲ್ಲಿ ಇನ್ಸುಲಿನ್ ಎಷ್ಟಿದೆಯೆಂದು ಅಳೆಯುವ ದುಬಾರಿ ಪರೀಕ್ಷೆ ಸಾಮಾನ್ಯವಾಗಿ ಬೇಕಾಗುವುದಿಲ್ಲ. ಆ ಸಂಗತಿಯನ್ನು ಕತ್ತೇ ಹೇಳಿದೆ.

ಇಷ್ಟಾದ ಮೇಲೆ ವೈದ್ಯರು ಪತಿಯ ಅಂಗಿಯ ಕಾಲರನ್ನು ಸರಿಸಿ ನೋಡುತ್ತಾರೆ. ಅವನ ಕತ್ತಿನಲ್ಲಿಯೂ ಅದೇ ಕಪ್ಪು; ಕೆಳಗೆ ನಾಲ್ಕು ನರುಳ್ಳೆ. ಅದನ್ನು ಮನೆಯಲ್ಲಿ ಯಾರೂ ಲೆಕ್ಕಿಸಿರಲಿಲ್ಲ. ಗಂಡಸಿನ ಕತ್ತಿನ ಕಪ್ಪು ಬಿಸಿಲಿನದೆಂದು ಎಲ್ಲರೂ ನಂಬಿದ್ದರು. ಸೊಂಟದ ಸುತ್ತಳತೆ 96. ಬರಿಹೊಟ್ಟೆಯ ಸಕ್ಕರೆ 134. ಮತ್ತೊಂದು ದಿನ ನೋಡಿದಾಗ 138. ಎರಡು ಸಲವೂ 126ನ್ನು ಮೀರಿರುವುದರಿಂದ ಇದು ಮಧುಮೇಹವೇ ಸರಿ. ಔಷಧ ಪ್ರಾರಂಭಿಸಬೇಕು, ಕಣ್ಣು, ಪಾದ, ಮೂತ್ರದ ಪರೀಕ್ಷೆಯೂ ಆಗಬೇಕು. ಗರ್ಭ ನಿಲ್ಲದಿರುವುದಕ್ಕೆ ನಾಲ್ಕು ವರ್ಷ ಪತ್ನಿಯನ್ನು ಮಾತ್ರ ಆಸ್ಪತ್ರೆಗೆ ಅಲೆಸಿದ ಮನೆಯಲ್ಲಿ ಪತಿಯ ವೀರ್ಯಪರೀಕ್ಷೆ ಒಮ್ಮೆಯೂ ಆಗಿರಲಿಲ್ಲ. ಅದೂ ಈಗ ಆಗುತ್ತದೆ. ಗರ್ಭ ನಿಲ್ಲದಿದ್ದಾಗ ಪರೀಕ್ಷೆಯು ಇಬ್ಬರಿಗೂ ಆಗಬೇಕೆಂಬುದು ನಿಯಮ. ಕತ್ತಿನ ಕಪ್ಪು ಕಂಡಾಗಲೂ ಹಾಗೆಯೇ ಇಬ್ಬರನ್ನೂ ನೋಡುವುದು ಲೇಸು. ಒಂದೇ ಅಡುಗೆಮನೆಯ ಊಟ ಇಬ್ಬರದೂ ಆಗಿರುತ್ತದೆ.

ಈ ದಂಪತಿಗೆ ಕೊಡುವ ಸಲಹೆ

ಪತ್ನಿಗೆ ಮೊದಲ ಚಿಕಿತ್ಸೆ ತೂಕವನ್ನು ಇಳಿಸುವುದು. ಇಳಿಸಬೇಕಾದುದು ಬಹಳವೇನಲ್ಲ. ಇದ್ದ ತೂಕದಲ್ಲಿ ನೂರಕ್ಕೆ ಐದು ಪಾಲು, ಎಂದರೆ 64 ಕಿಲೋದಲ್ಲಿ 3 ಕಿಲೋಗಿಂತ ಸ್ವಲ್ಪ ಹೆಚ್ಚು ಇಳಿದರೂ ಅನೇಕರಲ್ಲಿ ಮುಟ್ಟು ಕ್ರಮಕ್ಕೆ ಬರತೊಡಗುತ್ತದೆ.

ಎಲ್ಲಿಂದ ಪ್ರಾರಂಭಿಸುವುದು? ನಮ್ಮ ಸೀಮೆಯಲ್ಲಿ ಕಾಫಿಯ ಲೋಟದಿಂದಲೇ ಪ್ರಾರಂಭಿಸಬಹುದು. ಬೆಳಗ್ಗೆ ಎದ್ದೊಡನೆ ಒಂದು, ತಿಂಡಿಯ ಜೊತೆ ಒಂದು, ಕೆಲಸದ ನಡುವೆ ಒಂದು, ಸಂಜೆ ಎರಡು. ಹೀಗೆ ದಿನಕ್ಕೆ ಐದು ಲೋಟ ಕಾಫಿ ವಿಶೇಷವಲ್ಲ. ಲೋಟಕ್ಕೆ ಎರಡು ಚಮಚ, ಎಂದರೆ ಸುಮಾರು 10 ಗ್ರಾಂ ಸಕ್ಕರೆಯಂತೆ ದಿನಕ್ಕೆ 50 ಗ್ರಾಂ ಆಯಿತು. ವಿಶ್ವ ಆರೋಗ್ಯ ಸಂಸ್ಥೆಯು ದಿನಕ್ಕೆ ಸುಮಾರು 25 ಗ್ರಾಮಿನೊಳಗೆ ಇದ್ದರೆ ಉತ್ತಮವೆಂದು ಹೇಳುತ್ತದೆ. ಕಾಫಿಯೊಂದರಲ್ಲಿಯೇ ಅದರ ಎರಡರಷ್ಟು ಒಳಸೇರುತ್ತಿದೆ. ಬೆಲ್ಲದ ಕಾಫಿ ಕುಡಿಯುತ್ತೇವೆ, ಸಕ್ಕರೆಯಲ್ಲ ಎನ್ನುವವರೂ ಇದ್ದಾರೆ. ಈ ವಿಷಯದಲ್ಲಿ ಬೆಲ್ಲವೂ ಸಕ್ಕರೆಯೂ ಒಂದೇ. ಕಾಫಿ ಬಿಡಬೇಕಾಗಿಲ್ಲ, ಸಿಹಿಯನ್ನು ವಾರಕ್ಕಿಷ್ಟರಂತೆ ಕಡಿಮೆ ಮಾಡುತ್ತಾ ಬಂದರೆ ನಾಲಗೆ ಒಗ್ಗಿಕೊಳ್ಳುತ್ತದೆ.

ಎರಡನೆಯದು ಅಕ್ಕಿ. ಬೆಳಗ್ಗೆ ಅಕ್ಕಿರೊಟ್ಟಿ ಅಥವಾ ಕಡುಬು, ಮಧ್ಯಾಹ್ನ ಅನ್ನ, ರಾತ್ರಿ ಮತ್ತೆ ಅನ್ನ. ಹೀಗೆ ಮೂರು ಹೊತ್ತೂ ಅಕ್ಕಿಯೇ ಆದಾಗ ಮೂರು ಹೊತ್ತೂ ಮೇಸ್ತ್ರಿ ಕೂಗಬೇಕಾಗುತ್ತದೆ. ಅಕ್ಕಿಯನ್ನು ಪೂರಾ ಬಿಡುವಂತೆ ಹೇಳುವುದು ಮಲೆನಾಡಿನಲ್ಲಿ ನಡೆಯುವ ಮಾತಲ್ಲ. ಮೂರು ರೊಟ್ಟಿಯ ಬದಲು ಎರಡು ತಿಂದು, ಪಲ್ಯವನ್ನು ಎರಡರಷ್ಟು ಹಾಕಿಕೊಳ್ಳಬೇಕು. ಮಧ್ಯಾಹ್ನ ತಟ್ಟೆಯ ಅರ್ಧ ಭಾಗ ಸೊಪ್ಪು ತರಕಾರಿ, ಕಾಲು ಭಾಗ ಕಾಳು, ಮೊಟ್ಟೆ ಅಥವಾ ಮೀನು, ಉಳಿದ ಕಾಲು ಭಾಗ ಅನ್ನ ಇರಲಿ.

ಮೂರನೆಯದು ನಡಿಗೆ. "ತೋಟದಲ್ಲಿ ದುಡಿಯುವವರಿಗೆ ವ್ಯಾಯಾಮವೇಕೆ?" ಎಂದು ಕೇಳುವುದು ಸಹಜ. ಹಣ್ಣು ಕುಯ್ಯುವ ತಿಂಗಳುಗಳಲ್ಲಿ ದಿನವಿಡೀ ಗುಡ್ಡ ಹತ್ತಿಳಿಯುವವರಿಗೆ ಬೇರೆ ವ್ಯಾಯಾಮ ಬೇಡ. ಆದರೆ ಕೊಯ್ಲು ಮುಗಿದ ಮೇಲೆ, ಅಥವಾ ಮಳೆ ಹಿಡಿದು ವಾರಗಟ್ಟಲೆ ಮನೆಯೊಳಗೆ ಕುಳಿತಾಗ, ಊಟ ಮಾತ್ರ ಹಿಂದಿನಂತೆಯೇ ಇರುತ್ತದೆ. ಅಂಥ ದಿನಗಳಲ್ಲಿ ವಾರಕ್ಕೆ ಐದು ದಿನ, ದಿನಕ್ಕೆ ಅರ್ಧ ಗಂಟೆ ಬಿರುಸಾಗಿ ನಡೆಯಬೇಕು.

ಇದರಿಂದ ಫಲವಿದೆಯೆಂಬುದಕ್ಕೆ ನಮ್ಮ ದೇಶದ್ದೇ ಆಧಾರವಿದೆ. ಚೆನ್ನೈನ ಡಾಕ್ಟರ್ ಎ. ರಾಮಚಂದ್ರನ್ ಮತ್ತು ಸಂಗಡಿಗರು ಮಧುಮೇಹದ ಹೊಸ್ತಿಲಲ್ಲಿದ್ದ 531 ಜನರನ್ನು ಮೂರು ವರ್ಷ ಅನುಸರಿಸಿ 2006ರಲ್ಲಿ ಫಲಿತಾಂಶ ಪ್ರಕಟಿಸಿದರು. ಊಟ ಮತ್ತು ನಡಿಗೆಯನ್ನು ತಿದ್ದಿಕೊಂಡವರಲ್ಲಿ ಮಧುಮೇಹಕ್ಕೆ ಜಾರುವ ಸಂಭವ ನೂರಕ್ಕೆ 28ರಷ್ಟು ತಗ್ಗಿತ್ತು. ಮೆಟ್‌ಫಾರ್ಮಿನ್ ಮಾತ್ರೆಯೂ ಹೆಚ್ಚುಕಡಿಮೆ ಅಷ್ಟೇ ಫಲ ಕೊಟ್ಟಿತು. ಎರಡನ್ನೂ ಸೇರಿಸಿದಾಗ ಹೆಚ್ಚಿನ ಲಾಭ ಕಾಣಲಿಲ್ಲ. ಮಾತ್ರೆ ಯಾರಿಗೆ ಬೇಕೆಂಬುದನ್ನು ವೈದ್ಯರು ನಿರ್ಧರಿಸಬೇಕು. ನೆರೆಯವರಿಗೆ ಬರೆದುಕೊಟ್ಟ ಮಾತ್ರೆಯನ್ನು ತಾವು ನುಂಗಬಾರದು.

ನಮ್ಮ ಉದಾಹರಣೆಯ ಪತ್ನಿ ಆರು ತಿಂಗಳಲ್ಲಿ 60 ಕಿಲೋಗೆ ಇಳಿದಳೆಂದು ಇಟ್ಟುಕೊಳ್ಳೋಣ. ಬರಿಹೊಟ್ಟೆಯ ಸಕ್ಕರೆ 96 ಆಗಿ, ಮುಟ್ಟು 35 ದಿನಗಳ ಆಚೀಚೆ ಬರತೊಡಗುತ್ತದೆ. ಹಾಗೂ ಗರ್ಭ ನಿಲ್ಲದಿದ್ದರೆ ಅಂಡ ಹೊರಬರಲು ನೆರವಾಗುವ ಮಾತ್ರೆಗಳಿವೆ; ಅದಕ್ಕೆ ಸ್ತ್ರೀರೋಗ ತಜ್ಞರನ್ನು ಕಾಣಬೇಕು. ಕತ್ತಿನ ವಿಷಯದಲ್ಲಿ ಮೊದಲು ಕಡಿಮೆಯಾಗುವುದು ಒರಟುತನ. ಬಣ್ಣ ಆಮೇಲೆ ನಿಧಾನವಾಗಿ, ತಿಂಗಳುಗಟ್ಟಲೆಯಲ್ಲಿ ತಿಳಿಯಾಗುತ್ತದೆ. ಕೆಲವರಲ್ಲಿ ಪೂರಾ ಹೋಗುವುದಿಲ್ಲ. ಕಪ್ಪು ಸ್ವಲ್ಪ ಉಳಿಯಿತೆಂದು ಚಿಕಿತ್ಸೆ ವಿಫಲವಾಯಿತೆಂದು ತಿಳಿಯಬಾರದು; ಫಲವನ್ನು ಟೇಪಿನಲ್ಲಿಯೂ ರಕ್ತಪರೀಕ್ಷೆಯಲ್ಲಿಯೂ ಮುಟ್ಟಿನ ದಿನಗಳಲ್ಲಿಯೂ ನೋಡಬೇಕು.

ಗರ್ಭ ನಿಂತ ಮೇಲೆ

ಗರ್ಭಿಣಿಯಾದಾಗ ಕತ್ತು ಕಂಕುಳು ಸ್ವಲ್ಪ ಕಪ್ಪಾಗುವುದು ಸಹಜವೇ. ಆದರೆ ಮೊದಲಿನಿಂದಲೂ ಮಖಮಲ್ಲಿನಂಥ ಕಪ್ಪು ಇದ್ದವರು ಗರ್ಭಕಾಲದ ಮಧುಮೇಹದ ಬಗ್ಗೆ ಎಚ್ಚರವಾಗಿರಬೇಕು. ಸಕ್ಕರೆ ಹೆಚ್ಚಿದ್ದರೆ ಮಗು ಅತಿಯಾಗಿ ಬೆಳೆದು ಹೆರಿಗೆ ಕಷ್ಟವಾಗಬಹುದು. ಹುಟ್ಟಿದ ಮಗುವಿನ ಸಕ್ಕರೆ ಒಮ್ಮೆಲೇ ಕುಸಿಯಬಹುದು. ಸರಕಾರದ ಸೂಚನೆಯಂತೆ ಪ್ರತಿ ಗರ್ಭಿಣಿಗೂ ಮೊದಲ ಭೇಟಿಯಲ್ಲಿ ಒಮ್ಮೆ, 24ರಿಂದ 28 ವಾರಗಳ ನಡುವೆ ಇನ್ನೊಮ್ಮೆ 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆಯ ಮೇಲೆ ರಕ್ತ ನೋಡಬೇಕು. ಇದಕ್ಕೆ ಬರಿಹೊಟ್ಟೆಯಲ್ಲಿ ಬರಬೇಕಾಗಿಲ್ಲ. 140 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಚಿಕಿತ್ಸೆ ಬೇಕು. ಈ ಎರಡು ಪರೀಕ್ಷೆಗಳ ಫಲಿತಾಂಶ ತಾಯಿ ಕಾರ್ಡಿನಲ್ಲಿ ಬರೆದಿದೆಯೇ ಎಂದು ದಂಪತಿಗಳೇ ನೋಡಿಕೊಳ್ಳಬೇಕು. ಗರ್ಭಕಾಲದಲ್ಲಿ ಸಕ್ಕರೆ ಏರಿದ್ದವರು ಹೆರಿಗೆಯಾದ ಆರು ವಾರಗಳ ಮೇಲೆ ಮತ್ತೊಮ್ಮೆ ಪರೀಕ್ಷೆ ಮಾಡಿಸತಕ್ಕದ್ದು.

ಮುಲಾಮಿನ ಅಪಾಯ

ಬಣ್ಣ ತಿಳಿಯಾಗುವುದೆಂದು ಮಾರುವ ಅನೇಕ ಮುಲಾಮುಗಳಲ್ಲಿ ಸ್ಟೀರಾಯ್ಡ್ ಇರುತ್ತದೆ. ಟ್ಯೂಬಿನ ಮೇಲೆ ಬೀಟಾಮೆಥಸೋನ್, ಕ್ಲೋಬೆಟಸೋಲ್, ಮೊಮೆಟಸೋನ್ ಎಂಬ ಹೆಸರು ಕಂಡರೆ ಅದು ಸ್ಟೀರಾಯ್ಡ್ ಎಂದು ತಿಳಿಯಿರಿ. ಕೇಂದ್ರ ಸರಕಾರವು 2018ರಲ್ಲಿ ಇಂಥ ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ನಿಯಮ ಮಾಡಿತು. ಇವುಗಳನ್ನು ತಿಂಗಳುಗಟ್ಟಲೆ ಹಚ್ಚಿದರೆ ಉದಾಹರಣೆಯಲ್ಲಿ ಕಂಡಂತೆ ಚರ್ಮ ತೆಳುವಾಗುತ್ತದೆ. ಕಂಕುಳು ತೊಡೆಸಂದುಗಳಲ್ಲಿ ಬರೆಗಳೇಳುತ್ತವೆ. ಗಜಕರ್ಣವಿದ್ದರೆ ಅದು ಹರಡಿ ಗುರುತಿಗೇ ಸಿಗದಂತಾಗುತ್ತದೆ. ಹೆಸರು ವಿವರಗಳಿಲ್ಲದ ಡಬ್ಬಿಗಳಲ್ಲಿ ಪಾದರಸ ಇರುವುದೂ ಉಂಟು. ಅದು ಮೂತ್ರಪಿಂಡಗಳನ್ನು ಕೆಡಿಸುತ್ತದೆ. ಟ್ರೆಟಿನಾಯಿನ್ ಎಂಬ ಔಷಧವಿರುವ ಮುಲಾಮನ್ನು ಗರ್ಭಿಣಿಯರೂ ಗರ್ಭ ಬಯಸುವವರೂ ಹಚ್ಚಬಾರದು. ಚರ್ಮದ ದಪ್ಪ ತಗ್ಗಿಸಲು ಚರ್ಮವೈದ್ಯರು ಕೊಡುವ ಕೆಲವು ಲೇಪಗಳು ತಕ್ಕಮಟ್ಟಿಗೆ ಉಪಯುಕ್ತವೇ. ಆದರೆ ಯಾವ ಲೇಪವೂ ಒಳಗಿನ ಇನ್ಸುಲಿನ್ನನ್ನು ಇಳಿಸಲಾರದು.

ತಡಮಾಡಬಾರದ ಸಂದರ್ಭ

ಮೇಲೆ ಹೇಳಿದುದು ವರ್ಷಗಳಲ್ಲಿ ನಿಧಾನವಾಗಿ ಬೆಳೆಯುವ ಕಪ್ಪಿನ ವಿಷಯ. ಬಹಳ ವಿರಳವಾಗಿ ಇನ್ನೊಂದು ಬಗೆಯಿದೆ. ನಲವತ್ತು ದಾಟಿದ, ದಪ್ಪವಲ್ಲದ ವ್ಯಕ್ತಿಯಲ್ಲಿ ಕಪ್ಪು ಕೆಲವೇ ವಾರಗಳಲ್ಲಿ ಹಠಾತ್ತನೆ ಹರಡಿ, ತುಟಿ, ನಾಲಗೆ, ಅಂಗೈಗಳೂ ಒರಟಾಗಿ, ಹಸಿವು ತಗ್ಗಿ ತೂಕ ಇಳಿಯುತ್ತಿದ್ದರೆ ಅದು ಜಠರದ ಅಥವಾ ಬೇರೆ ಒಳ ಅಂಗದ ಕ್ಯಾನ್ಸರಿನ ಸೂಚನೆಯಾಗಿರಬಹುದು. ಅಂಥವರು ಒಡನೆಯೇ ಚಿಕ್ಕಮಗಳೂರಿನ ಜಿಲ್ಲಾ ಆಸ್ಪತ್ರೆಯಂಥ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಕೆಲವು ಔಷಧಗಳಿಂದಲೂ ಕತ್ತು ಕಪ್ಪಾಗುವುದುಂಟು; ಆದ್ದರಿಂದ ನುಂಗುತ್ತಿರುವ ಎಲ್ಲ ಮಾತ್ರೆಗಳನ್ನೂ ವೈದ್ಯರಿಗೆ ತೋರಿಸಬೇಕು.

ಪರೀಕ್ಷೆಗೆ ಹೋಗುವ ದಿನ

ಮೂವತ್ತು ವರ್ಷ ತುಂಬಿದವರಿಗೆ ಮಧುಮೇಹ ಮತ್ತು ರಕ್ತದೊತ್ತಡದ ತಪಾಸಣೆ ಸರಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿ ನಡೆಯುತ್ತದೆ. ಆದರೆ 22 ಅಥವಾ 26 ವರ್ಷದವರು ಈ ತಪಾಸಣೆಯ ಪಟ್ಟಿಯಲ್ಲಿ ತಾವಾಗಿ ಸೇರುವುದಿಲ್ಲ. ಆದಕಾರಣ ಅವರು ಆಶಾ ಕಾರ್ಯಕರ್ತೆಯ ಅಥವಾ ವೈದ್ಯರ ಮುಂದೆ ಕತ್ತನ್ನು ತೋರಿಸಿ "ನನಗೆ ಈ ಕಪ್ಪು ಇದೆ, ಸಕ್ಕರೆ ಪರೀಕ್ಷೆ ಮಾಡಿ" ಎಂದು ತಾವೇ ಕೇಳಬೇಕು. ತಾಯಿ ತಂದೆಯರಲ್ಲಿ ಯಾರಿಗಾದರೂ ಮಧುಮೇಹವಿದ್ದರೆ ಅದನ್ನೂ ಹೇಳಬೇಕು.

ಹೋಗುವ ದಿನದ ಹಿಂದಿನ ರಾತ್ರಿ ಎಂಟು ಒಂಬತ್ತು ಗಂಟೆಯೊಳಗೆ ಊಟ ಮುಗಿಸಿರಬೇಕು. ಬೆಳಗ್ಗೆ ನೀರು ಮಾತ್ರ ಕುಡಿಯಬಹುದು. ಬಸ್ಸು ಹಿಡಿಯುವ ಮೊದಲು ಕುಡಿದ ಒಂದು ಗುಟುಕು ಬೆಲ್ಲದ ಕಾಫಿಯೂ ಬರಿಹೊಟ್ಟೆಯ ಪರೀಕ್ಷೆಯನ್ನು ಕೆಡಿಸುತ್ತದೆ. ನಮ್ಮ ಸೀಮೆಯಲ್ಲಿ ಈ ಪರೀಕ್ಷೆ ಕೆಡುವುದು ಹೆಚ್ಚಾಗಿ ಹೀಗೆಯೇ. ಗ್ಲೂಕೋಸ್ ಕುಡಿದ ಮೇಲೆ ಎರಡು ಗಂಟೆ ಅಲ್ಲಿಯೇ ಕುಳಿತಿರಬೇಕಾದುದರಿಂದ ಬುತ್ತಿಯನ್ನು ಜೊತೆಗೆ ಕಟ್ಟಿಕೊಂಡು ಹೋಗಿ, ಎರಡನೆಯ ಸಲ ರಕ್ತ ಕೊಟ್ಟ ಅನಂತರ ಉಣ್ಣಬಹುದು. ಬೆರಳು ಚುಚ್ಚಿ ನೋಡಿದ ಪರೀಕ್ಷೆಯಲ್ಲಿ ಸಕ್ಕರೆ ಹೆಚ್ಚು ಕಂಡರೆ ನರದಿಂದ ರಕ್ತ ತೆಗೆದು ಖಚಿತಪಡಿಸಿಕೊಳ್ಳಬೇಕು. ಸ್ತ್ರೀಯರು ಹಿಂದಿನ ಆರು ತಿಂಗಳ ಮುಟ್ಟಿನ ದಿನಾಂಕಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿ ತಂದರೆ ವೈದ್ಯರಿಗೆ ಬಹಳ ಸಹಾಯವಾಗುತ್ತದೆ. ಹಚ್ಚುತ್ತಿರುವ ಮುಲಾಮಿನ ಟ್ಯೂಬನ್ನೂ ತರಬೇಕು. ಪತಿ ಪತ್ನಿಯರು ಒಂದೇ ದಿನ ಬರಿಹೊಟ್ಟೆಯಲ್ಲಿ ಹೊರಟರೆ ಒಂದೇ ಪ್ರಯಾಣದಲ್ಲಿ ಇಬ್ಬರ ಪರೀಕ್ಷೆಯೂ ಮುಗಿಯುತ್ತದೆ. ಸಕ್ಕರೆ ಸರಿಯಾಗಿದೆಯೆಂದು ತಿಳಿದರೂ ಕಲೆ ಇರುವವರೆಗೆ ವರ್ಷಕ್ಕೊಮ್ಮೆ ಈ ಪರೀಕ್ಷೆಯನ್ನು ಮತ್ತೆ ಮಾಡಿಸುತ್ತಿರಬೇಕು.